ಸಭೆಯಲ್ಲಿ ಹೆಸರು ತಪ್ಪಿ ಕರೆದುದಕ್ಕಾಗಿ ಕ್ಷಮೆಯ ಮಾತು

ಎಲ್ಲರಿಗೂ ನಮಸ್ಕಾರ.

ಇಂದಿನ ಕಾರ್ಯಸೂಚಿಯನ್ನು ಕೈಗೆತ್ತಿಕೊಳ್ಳುವ ಮುನ್ನ, ಕಳೆದ ಸೋಮವಾರ ಇದೇ ಸಭೆಯಲ್ಲಿ ನನ್ನಿಂದಾದ ಒಂದು ತಪ್ಪನ್ನು ನಿಮ್ಮೆಲ್ಲರ ಎದುರಿನಲ್ಲಿ ಒಪ್ಪಿಕೊಳ್ಳಬೇಕಾಗಿದೆ. ತಪ್ಪು ನಡೆದದ್ದು ನಿಮ್ಮೆಲ್ಲರ ಎದುರಿನಲ್ಲೇ ಆದ್ದರಿಂದ, ಕ್ಷಮೆಯನ್ನೂ ಇಲ್ಲಿಯೇ ಕೇಳುವುದು ಸರಿ ಎಂದು ನನಗೆ ತೋರಿತು.

ದಾಸ್ತಾನು ಲೆಕ್ಕದ ಪರಿಶೀಲನೆಯ ಬಗ್ಗೆ ಮಾತನಾಡುವಾಗ ನಾನು ನಮ್ಮ ಸಹೋದ್ಯೋಗಿ ವಿನುತಾ ಅವರನ್ನು ‘ವನಿತಾ’ ಎಂದು ಕರೆದೆ. ಅದೂ ಮೂರು ಬಾರಿ. ಮೊದಲ ಸಲ ಅವರು ‘ಸರ್, ವಿನುತಾ’ ಎಂದು ಮೆಲುದನಿಯಲ್ಲಿ ತಿದ್ದಿದರು. ನಾನು ತಲೆಯಾಡಿಸಿ, ಮುಂದಿನ ವಾಕ್ಯದಲ್ಲೇ ಮತ್ತೆ ತಪ್ಪು ಹೆಸರನ್ನು ಹೇಳಿದೆ. ಮೂರನೆಯ ಸಲ ಅವರು ತಿದ್ದುವ ಗೋಜಿಗೆ ಹೋಗಲಿಲ್ಲ. ಅವರು ಸುಮ್ಮನಾದದ್ದರ ಅರ್ಥ ನನಗೆ ಆದದ್ದು, ಮರುದಿನ ಸಭಾ ನಡಾವಳಿಯ ಪ್ರತಿ ಕೈಸೇರಿ, ಅದರಲ್ಲಿಯೂ ‘ವನಿತಾ ಅವರ ವರದಿ’ ಎಂದೇ ದಾಖಲಾಗಿರುವುದನ್ನು ಓದಿದಾಗ.

ವನಿತಾ ಅವರು ಕಳೆದ ವರ್ಷದವರೆಗೆ ಇದೇ ಹುದ್ದೆಯಲ್ಲಿದ್ದರು. ಎರಡೂ ಹೆಸರುಗಳಲ್ಲಿರುವುದು ವ, ನ, ತ ಎಂಬ ಅವೇ ಮೂರು ವ್ಯಂಜನಗಳು. ಆದ್ದರಿಂದ ನಾಲಿಗೆ ಹಳೆಯ ರೂಢಿಗೆ ಜಾರಿತು ಎಂದು ನಾನು ಹೇಳಬಹುದು. ಮೊದಲ ಸಲದ ತಪ್ಪಿಗೆ ಈ ಮಾತು ಸಲ್ಲೀತು. ಆದರೆ ಅವರೇ ತಿದ್ದಿದ ಮೇಲೂ ಕಿವಿಗೊಡದೆ ಹೋದುದಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ. ವಿನುತಾ ಅವರು ನಮ್ಮೊಂದಿಗೆ ಕೆಲಸ ಮಾಡಲು ತೊಡಗಿ ಎಂಟು ತಿಂಗಳಾಗಿವೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಮೂರು ವಾರಗಳ ಕಾಲ ಉಗ್ರಾಣದ ಪುಸ್ತಕವನ್ನೂ ಖರೀದಿ ಬಿಲ್ಲುಗಳನ್ನೂ ಸಾಲು ಸಾಲಾಗಿ ತಾಳೆ ನೋಡಿ, ಒಂದೇ ಸರಕು ಎರಡು ಕಡೆ ಜಮೆಯಾಗುತ್ತಿದ್ದುದನ್ನು ಪತ್ತೆಹಚ್ಚಿದವರು ವಿನುತಾ. ಆ ಶ್ರಮವನ್ನು ನಾನು ಧಾರಾಳವಾಗಿಯೇ ಮೆಚ್ಚಿಕೊಂಡೆ, ಆದರೆ ಆ ಮೆಚ್ಚುಗೆಯನ್ನು ಈಗ ಇಲ್ಲಿ ಇಲ್ಲದವರ ಹೆಸರಿಗೆ ಬರೆದುಬಿಟ್ಟೆ. ಲೆಕ್ಕದ ಪುಸ್ತಕದಲ್ಲಿ ಅವರು ಕಂಡುಹಿಡಿದ ತಪ್ಪಿನಂಥದ್ದೇ ತಪ್ಪನ್ನು ನಾನು ಸಭೆಯಲ್ಲಿ ಮಾಡಿದೆ ಎನ್ನಬೇಕು. ‘ವಿನುತ’ ಎಂದರೆ ಹೊಗಳಿಕೆಗೆ ಪಾತ್ರವಾದುದು ಎಂದರ್ಥ. ಹೊಗಳುವಾಗಲೇ ಆ ಹೆಸರನ್ನು ತಪ್ಪಿದೆನಲ್ಲ ಎಂದು ನನಗೆ ನಾಚಿಕೆಯಾಗಿದೆ.

ವಿನುತಾ ಅವರೇ, ನಿಮ್ಮನ್ನು ತಪ್ಪು ಹೆಸರಿನಿಂದ ಕರೆದುದಕ್ಕೂ, ನೀವು ತಿದ್ದಿದಾಗ ಕೇಳಿಸಿಕೊಳ್ಳದೆ ಹೋದುದಕ್ಕೂ ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇನೆ. ‘ಪರವಾಗಿಲ್ಲ ಸರ್’ ಎಂದು ನೀವು ಮೊನ್ನೆ ಹೇಳಿದ್ದು ನಿಮ್ಮ ದೊಡ್ಡತನ. ಅದನ್ನೇ ನೆಪವಾಗಿಸಿಕೊಂಡು ನಾನು ಸುಮ್ಮನಿರುವುದು ಸರಿಯಲ್ಲ. ನಡಾವಳಿಯಲ್ಲಿ ನಿಮ್ಮ ಹೆಸರನ್ನು ಸರಿಪಡಿಸಲಾಗಿದೆ, ತಿದ್ದಿದ ಪ್ರತಿ ಇಂದು ಬೆಳಿಗ್ಗೆ ಎಲ್ಲರಿಗೂ ತಲುಪಿದೆ. ನಾನು ಮತ್ತೊಮ್ಮೆ ತಪ್ಪಿದರೆ, ದಯವಿಟ್ಟು ಮಾತಿನ ನಡುವೆಯೇ ತಡೆದು ತಿದ್ದಿ. ಉಳಿದವರಲ್ಲಿಯೂ ನನ್ನದು ಇದೇ ಕೋರಿಕೆ.

ಇಂದಿನ ಕಾರ್ಯಸೂಚಿಯಲ್ಲಿ ಮೊದಲನೆಯದು ದಾಸ್ತಾನು ವರದಿಯ ಮುಂದಿನ ಭಾಗ. ಕಳೆದ ವಾರ ನಿಮ್ಮ ಪರವಾಗಿ ನಾನೇ ಮಾತನಾಡಿದ್ದೆ. ಇಂದು ಅದನ್ನು ನೀವೇ ಮಂಡಿಸಬೇಕೆಂದು ಕೋರುತ್ತೇನೆ, ವಿನುತಾ ಅವರೇ.