ವಿಷಯ: ನವೆಂಬರ್ ಕ್ಲೌಡ್ ಬಿಲ್ ದುಪ್ಪಟ್ಟಾಗಿದ್ದು ಯಾಕೆ

ಎಲ್ಲರಿಗೂ ನಮಸ್ಕಾರ,

ಅಕ್ಟೋಬರ್‌ನಲ್ಲಿ 2.08 ಲಕ್ಷ ಇದ್ದ ಕ್ಲೌಡ್ ಬಿಲ್ ನವೆಂಬರ್‌ನಲ್ಲಿ 4.21 ಲಕ್ಷ ಆಗಿದೆ, ಜಿಎಸ್‌ಟಿ ಬಿಟ್ಟು. ತಿಂಗಳ ಲೆಕ್ಕದ ಜೊತೆ ಹೇಳೋಣ ಅಂತ ಕಾಯುವುದು ಸರಿಯಲ್ಲ ಅನ್ನಿಸಿತು.

ಹತ್ತಿ ಸೀಸನ್‌ಗೆ ಸರಿಯಾಗಿ ನಮ್ಮ ಆ್ಯಪ್‌ನಲ್ಲಿ ತೂಕದ ಚೀಟಿಯ ಫೋಟೊ ಹಾಕುವ, ಧ್ವನಿಯಲ್ಲಿ ರೇಟು ಕೇಳುವ ಸೌಲಭ್ಯ ಶುರು ಮಾಡಿದೆವು. ಆ್ಯಪ್ ಬಳಸುವ ರೈತರು 11,000 ಇದ್ದವರು 34,000 ಆದರು. ಒಬ್ಬರಿಗೆ ತಗಲುವ ಖರ್ಚು 19 ರೂಪಾಯಿಯಿಂದ 12ಕ್ಕೆ ಇಳಿದಿದೆ. ಆದರೆ ಖಾತೆಯಿಂದ ಹೋಗುವುದು ಒಟ್ಟು ದುಡ್ಡು, ಅಲ್ವಾ? ಅದರ ಲೆಕ್ಕ ಇದು.

ಹೆಚ್ಚಾದ 2.13 ಲಕ್ಷದಲ್ಲಿ 96,000 ಫೋಟೊ, ಧ್ವನಿಯದ್ದೇ. ಗಂಜ್ ಮಾರುಕಟ್ಟೆಯಲ್ಲಿ ತೂಕ ಆದ ಕೂಡಲೇ ರೈತರು ಚೀಟಿಯ ಫೋಟೊ ಹೊಡೆದು ಹಾಕುತ್ತಾರೆ. ಒಂದೊಂದೂ 4-5 ಎಂಬಿ. ಅದನ್ನು ಊರಲ್ಲಿ ತಮ್ಮ ನೋಡುತ್ತಾನೆ, ದಲಾಲಿ ಅಂಗಡಿ ಗುಮಾಸ್ತರು ಎರಡೆರಡು ಸಲ ತೆರೆಯುತ್ತಾರೆ. ಕ್ಲೌಡ್ ಒಳಗೆ ಬರುವ ಡೇಟಾಗೆ ದುಡ್ಡಿಲ್ಲ, ಹೊರಗೆ ಹೋಗುವ ಪ್ರತಿ ಜಿಬಿಗೂ ಇದೆ. ನಾಲ್ಕು ಅಂಕಿ ಓದಲು ಅಷ್ಟು ದೊಡ್ಡ ಫೋಟೊ ಬೇಕಿಲ್ಲ. ಫೋನಿನಲ್ಲೇ 300 ಕೆಬಿಗೆ ಇಳಿಸಿ ಕಳಿಸುವ ವರ್ಷನ್ ಇದೇ ತಿಂಗಳು ಬರುತ್ತದೆ. ಕಾರ್ಬನ್ ಪ್ರತಿಯ ಮಸುಕು ಅಕ್ಷರವೂ ಕಾಣಬೇಕಲ್ಲ, ಸದ್ಯ ಅದೇ ತಲೆನೋವು.

54,000 ಡೇಟಾಬೇಸ್‌ದು. ಲಾಂಚ್‌ಗೆ ಮೊದಲೇ ಬೇಕಂತಲೇ ದೊಡ್ಡದು ತಗೊಂಡೆವು. ರೇಟು ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಆ್ಯಪ್ ತೆರೆಯುತ್ತಾರೆ. ಒಂದು ದಿನ ಅದು ತೆರೆದುಕೊಳ್ಳದಿದ್ದರೆ ಮರುದಿನ ಯಾರೂ ಬರುವುದಿಲ್ಲ. ಸೀಸನ್ ಮುಗಿಯುವ ತನಕ ಇದನ್ನು ಇಳಿಸುವುದಿಲ್ಲ. 41,000 ಆ ಹೊತ್ತಿನಲ್ಲಿ ತಾನಾಗೇ ಏರಿಳಿಯುವ ಸರ್ವರ್‌ಗಳದ್ದು.

ಉಳಿದ 22,000 ಸುಮ್ನೆ ಸೋರುವ ದುಡ್ಡು. ಸರ್ವರ್‌ನಿಂದ ಸ್ಟೋರೇಜ್‌ಗೆ ಹೋಗುವ ಫೋಟೊ ನ್ಯಾಟ್ ಗೇಟ್‌ವೇ ಅನ್ನುವ ದಾರಿಯಲ್ಲಿ ಹೋಗುತ್ತಿತ್ತು, ಅಲ್ಲಿ ಜಿಬಿ ಲೆಕ್ಕದಲ್ಲಿ ಚಾರ್ಜ್. ಅದೇ ಕೆಲಸಕ್ಕೆ ಪುಕ್ಕಟೆ ದಾರಿಯೂ ಇದೆ, ನಿನ್ನೆಯಿಂದ ಅದರಲ್ಲೇ ಕಳಿಸುತ್ತಿದ್ದೇವೆ. ಬೇಡದ ಲಾಗ್‌ಗಳನ್ನೂ ಕಡಿಮೆ ಮಾಡಿದ್ದೇವೆ.

ರೈತರ ಸಂಖ್ಯೆ ಇಷ್ಟೇ ಇದ್ದರೆ ಜನವರಿ ಬಿಲ್ 3.4 ಲಕ್ಷದ ಆಸುಪಾಸು ಬರಬೇಕು. ಜಾಸ್ತಿ ಆದರೆ ಬಿಲ್ಲೂ ಏರುತ್ತದೆ, ಆದರೆ ಇದೇ ಲೆಕ್ಕದಲ್ಲಿ ಅಲ್ಲ.

ತಿಂಗಳಿಗೆ 1,500 ಕೊಡುವ ದಲಾಲಿ ಅಂಗಡಿಗಳು 62 ಇದ್ದವು, ಈಗ 140. ಅಂದರೆ 1.17 ಲಕ್ಷ ಹೆಚ್ಚು ಬರುತ್ತಿದೆ. ಬಿಲ್ ಈಗಿನಷ್ಟೇ ಉಳಿದರೂ ಕೈಯಲ್ಲಿರುವ ದುಡ್ಡು 14 ತಿಂಗಳ ಬದಲು 13 ತಿಂಗಳು ಬರುತ್ತದೆ. ಹೊಸದಾಗಿ ದುಡ್ಡು ಕೇಳುತ್ತಿಲ್ಲ.

ಒಂದು ವರ್ಷದ ಕರಾರು ಮಾಡಿಕೊಂಡರೆ ಸರ್ವರ್ ಅಗ್ಗ ಆಗುತ್ತದಲ್ಲ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಆಗುತ್ತದೆ. ಆದರೆ ಹತ್ತಿ ಮುಗಿದ ಮೇಲೆ ಗಂಜ್ ಖಾಲಿ. ಆಗ ಎಷ್ಟು ಬಳಕೆ ಉಳಿಯುತ್ತದೆ ನೋಡದೆ ವರ್ಷಕ್ಕೆ ಕಟ್ಟಿಬೀಳಲು ನನಗೆ ಮನಸ್ಸಿಲ್ಲ. ಮಾರ್ಚ್‌ನಲ್ಲಿ ಆ ಅಂಕಿ ಇಟ್ಟುಕೊಂಡು ಮಾತಾಡೋಣ.

ದಿನವಾರು ಬಿಲ್ ಶೀಟ್ ಜೊತೆಗಿದೆ. ಗುರುವಾರ ಸಂಜೆ 5ಕ್ಕೆ ಕಾಲ್‌ನಲ್ಲಿ ಸಿಗುತ್ತೇನೆ, ಪ್ರಶ್ನೆ ಇದ್ದರೆ ಮೊದಲೇ ಬರೆದು ಕಳಿಸಿ.

ಶರಣಬಸವ
ರಾಯಚೂರು