ವಿಷಯ: ಕುವೆಂಪುನಗರದ ಮೊದಲ ಮಹಡಿ ಕಚೇರಿ – 2026ರ ಏಪ್ರಿಲ್ 1ರಿಂದ ಬಾಡಿಗೆ ಕರಾರು ನವೀಕರಣ, ಬಾಡಿಗೆ ಮತ್ತು ದುರಸ್ತಿ ಕುರಿತು

ಮೈಸೂರು
2 ಫೆಬ್ರುವರಿ 2026

ಮೇಷ್ಟರಿಗೆ ನಮಸ್ಕಾರಗಳು.

ನೀವೂ ಅಮ್ಮನವರೂ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ. ನಮ್ಮ ಮೂರು ವರ್ಷಗಳ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಸಂಕ್ರಾಂತಿಗೆ ಬಂದಿದ್ದಾಗ ಮೆಟ್ಟಿಲ ಮೇಲೆ ನಿಂತೇ ಎರಡು ಮಾತು ಆಡಿದ್ದೆವು. ಮುಂದಿನ ಕರಾರಿನಲ್ಲಿ 20,000 ರೂಪಾಯಿ ಬಾಡಿಗೆ ಬರಬೇಕು ಎಂದು ನೀವು ಹೇಳಿದಿರಿ. ಯೋಚಿಸಿ ಬರೆಯುತ್ತೇನೆ ಎಂದು ನಾನು ಹೇಳಿದ್ದೆ. ಯೋಚಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯ ಮಾತು, ಈ ಜಾಗ ಬಿಡುವ ಮನಸ್ಸು ನನಗಿಲ್ಲ. ಇನ್ನೂ ಮೂರು ವರ್ಷ, ಎಂದರೆ 2029ರ ಮಾರ್ಚ್ 31ರವರೆಗೆ, ಇಲ್ಲೇ ಇರಲು ಬಯಸುತ್ತೇನೆ.

ಬಾಡಿಗೆಯ ವಿಚಾರ. 2023ರ ಏಪ್ರಿಲ್‌ನಲ್ಲಿ 14,000ದಿಂದ ಶುರುವಾಗಿ, ವರ್ಷಕ್ಕೆ ಶೇ 5ರಂತೆ ಏರಿ, ಈಗ 15,435ಕ್ಕೆ ಬಂದಿದೆ. ಏಪ್ರಿಲ್‌ನಿಂದ 16,500 ಕೊಡುತ್ತೇನೆ. ಅಲ್ಲಿಂದ ಮುಂದೆ ಹಿಂದಿನಂತೆಯೇ ಶೇ 5: ಎರಡನೆಯ ವರ್ಷ 17,325, ಮೂರನೆಯ ವರ್ಷ ಸುಮಾರು 18,190. ಮೊದಲ ಏರಿಕೆಯೇ ಸುಮಾರು ಶೇ 7 ಆಗುತ್ತದೆ. ನೀವು ಕೇಳಿದ 20,000 ಒಂದೇ ಏಟಿಗೆ ಶೇ 30ರ ಹತ್ತಿರದ ಏರಿಕೆ. ಅಷ್ಟು ನನ್ನ ಕೈಯಲ್ಲಿ ಆಗುವುದಿಲ್ಲ.

ಎದುರು ಕಟ್ಟಡದ ಟ್ಯೂಷನ್ ಕೇಂದ್ರದವರು 22,000 ಕೊಡುತ್ತಿದ್ದಾರೆ ಎಂದಿರಿ, ನಿಜ. ಆದರೆ ಅದು ಮುಖ್ಯರಸ್ತೆಗೆ ಮುಖ ಮಾಡಿದೆ, ಲಿಫ್ಟ್ ಇದೆ, ಕೆಳಗೆ ಹತ್ತು ಸ್ಕೂಟರ್ ನಿಲ್ಲುತ್ತವೆ. ನಮ್ಮದು ಅಡ್ಡರಸ್ತೆಯ 420 ಚದರ ಅಡಿ, ಹತ್ತುವುದಕ್ಕೆ ಕಡಿದಾದ ಮೆಟ್ಟಿಲು. ನನ್ನ ಹಳೆಯ ಕಕ್ಷಿದಾರರಲ್ಲಿ ಪಿಂಚಣಿದಾರರೇ ಹೆಚ್ಚು. ಅವರಲ್ಲಿ ನಾಲ್ಕೈದು ಮಂದಿ ಗೇಟಿನ ಬಳಿಯಿಂದಲೇ ಫೋನ್ ಮಾಡುತ್ತಾರೆ, ನಾನು ಇಳಿದು ಹೋಗಿ ಕಾಗದಪತ್ರ ತೆಗೆದುಕೊಂಡು ಬರುತ್ತೇನೆ. ಹೊಸ ಬಾಡಿಗೆದಾರರು ಸಿಗಬಹುದು, ಹೆಚ್ಚು ಕೊಡಲೂಬಹುದು. ನಡುವೆ ಎಷ್ಟು ತಿಂಗಳು ಖಾಲಿ ಬೀಳುತ್ತದೆ, ದಲ್ಲಾಳಿಗೆ ಎಷ್ಟು ಹೋಗುತ್ತದೆ ಎಂಬ ಲೆಕ್ಕವನ್ನು ಗಣಿತದ ಮೇಷ್ಟರಾದ ನಿಮಗೆ ನಾನು ಮಾಡಿ ತೋರಿಸಬೇಕಾಗಿಲ್ಲ. ಮೂರು ವರ್ಷದಲ್ಲಿ ಒಂದು ತಿಂಗಳೂ 5ನೇ ತಾರೀಖು ದಾಟಿ ಬಾಡಿಗೆ ಕಟ್ಟಿಲ್ಲ ಎಂಬುದನ್ನಷ್ಟೇ ನೆನಪಿಸುತ್ತೇನೆ.

ಮುಂಗಡ 1,40,000 ಹಾಗೆಯೇ ಇರಲಿ. ಹೊಸ ಬಾಡಿಗೆಗೆ ಅದು ಎಂಟೂವರೆ ತಿಂಗಳಿನಷ್ಟಾಗುತ್ತದೆ, ನಿಮಗೆ ಸಾಕಷ್ಟು ಭದ್ರತೆಯೇ.

ಇನ್ನು ನಿಜವಾಗಿ ಕೂತು ಮಾತಾಡಬೇಕಾದದ್ದು ತಾರಸಿಯ ವಿಷಯ. ಬಾಡಿಗೆಯಲ್ಲಿ ನೂರಿನ್ನೂರು ಆಚೀಚೆ ಆದರೆ ಹೊಂದಿಕೊಳ್ಳಬಹುದು. ಇದಕ್ಕೆ ಮಾತ್ರ ಈ ಸಲ ಒಂದು ತೀರ್ಮಾನ ಆಗಲೇಬೇಕು.

ವಾಯವ್ಯ ಮೂಲೆಯಲ್ಲಿ, ಮಳೆನೀರಿನ ಪೈಪು ತಾರಸಿಯಿಂದ ಕೆಳಗಿಳಿಯುವ ಕಡೆ, ಪಕ್ಕದ ಹೊಂಗೆ ಮರದ ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಎಲೆಯನ್ನು ನಮ್ಮ ಹುಡುಗನೇ ತಿಂಗಳಿಗೊಮ್ಮೆ ತೆಗೆಯುತ್ತಾನೆ, ಅದು ದೊಡ್ಡ ಮಾತಲ್ಲ. ಆದರೆ ಪೈಪಿನ ಸುತ್ತಲ ಗಾರೆ ಬಿರುಕು ಬಿಟ್ಟಿದೆ, ಇಳಿಜಾರೂ ಸರಿಯಿಲ್ಲ. ನಿಂತ ನೀರು ಒಳಗಿಳಿದು ಕಡತದ ಕಪಾಟಿನ ನೆತ್ತಿಯ ಮೇಲೇ ಸೋರುತ್ತದೆ. ಚಾವಣಿಯ ಪ್ಲಾಸ್ಟರ್ ಹಪ್ಪಳದಂತೆ ಉಬ್ಬಿ ನಿಂತಿದೆ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಕಳೆದ ಅಕ್ಟೋಬರ್‌ನಲ್ಲಿ ಒಬ್ಬ ದಿನಸಿ ವ್ಯಾಪಾರಿಯ ಇಡೀ ವರ್ಷದ ಖರೀದಿ ಬಿಲ್ಲುಗಳು ನೆನೆದು ಮುದ್ದೆಯಾದವು. ನಮ್ಮ ಹುಡುಗ ಪಾಪ, ಒಣಗಿಸೋಣ ಎಂದು ಇಸ್ತ್ರಿ ಪೆಟ್ಟಿಗೆ ತಂದು ಉಜ್ಜಿದ. ಅಂಗಡಿ ಯಂತ್ರದಲ್ಲಿ ಬರುವ ಆ ನುಣುಪು ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಲವತ್ತು ಬಿಲ್ಲುಗಳು ಕಣ್ಣೆದುರೇ ಇದ್ದಿಲಾದವು. ಆ ವ್ಯಾಪಾರಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

2024ರ ಆಗಸ್ಟ್‌ನಲ್ಲಿ ನಿಮಗೆ ಫೋನ್ ಮಾಡಿ ತಿಳಿಸಿ, 6,800 ರೂಪಾಯಿ ಕೊಟ್ಟು ತೇಪೆ ಹಾಕಿಸಿದ್ದೆ. ಬಾಡಿಗೆಯಲ್ಲಿ ಹೊಂದಿಸೋಣ ಎಂದಿದ್ದಿರಿ, ಆಮೇಲೆ ಆ ಮಾತು ಹಾಗೆಯೇ ಉಳಿಯಿತು. ತೇಪೆಯೂ ಒಂದೇ ಮಳೆಗಾಲ ತಡೆಯಿತು. ಈಗ ಇಬ್ಬರು ಮೇಸ್ತ್ರಿಗಳನ್ನು ಕರೆಸಿ ತೋರಿಸಿದ್ದೇನೆ. ತಾರಸಿ ಸುಮಾರು 700 ಚದರ ಅಡಿ. ಬಿರುಕು ಬಿಡಿಸಿ ತುಂಬಿ, ಇಳಿಜಾರು ಸರಿಮಾಡಿ, ಮೇಲೆ ನೀರು ತಡೆಯುವ ಲೇಪನ ಎರಡು ಸಲ ಬಳಿದು ಕೊಡಲು ಒಬ್ಬರು ಚದರ ಅಡಿಗೆ 55ರಂತೆ 38,500 ಹೇಳಿದ್ದಾರೆ. ಇನ್ನೊಬ್ಬರದು 49,000. ಇಬ್ಬರ ಬರಹವನ್ನೂ ಸೋರಿಕೆಯ ನಾಲ್ಕು ಚಿತ್ರಗಳನ್ನೂ ಇದರ ಜೊತೆ ಕಳುಹಿಸಿದ್ದೇನೆ.

ನಿಮಗೆ ಎರಡು ದಾರಿ ಸೂಚಿಸುತ್ತೇನೆ. ನಿಮಗೆ ಗೊತ್ತಿರುವ ಮೇಸ್ತ್ರಿಯಿಂದ ಏಪ್ರಿಲ್ 20ರೊಳಗೆ ನೀವೇ ಮಾಡಿಸಬಹುದು. ಇಲ್ಲವಾದರೆ ನಾನೇ ನಿಂತು 38,500ರಲ್ಲಿ ಮಾಡಿಸುತ್ತೇನೆ. ಆ ಹಣವನ್ನು ತಿಂಗಳಿಗೆ 5,500ರಂತೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ಕಂತುಗಳಲ್ಲಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ. ಆ ಏಳು ತಿಂಗಳು ನಿಮ್ಮ ಖಾತೆಗೆ 11,000 ಬರುತ್ತದೆ, ರಸೀದಿ ಮಾತ್ರ 16,500ಕ್ಕೇ ಇರಲಿ. ಒಂದೇ ಸಲ ಕೈಯಿಂದ ದುಡ್ಡು ಹಾಕುವ ಹೊರೆ ನಿಮಗಿರುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಹಳೆಯ 6,800ರ ಮಾತನ್ನು ನಾನು ಮತ್ತೆ ಎತ್ತುವುದಿಲ್ಲ. ನೀವೂ ಮಾಡಿಸದೆ, ನನಗೂ ಒಪ್ಪಿಗೆ ಕೊಡದೆ ಏಪ್ರಿಲ್ 20 ದಾಟಿದರೆ, ಕೆಲಸ ಮುಗಿಯುವವರೆಗೆ ಮೇ ತಿಂಗಳಿಂದ ಹಳೆಯ 15,435ನ್ನೇ ಕೊಡುತ್ತೇನೆ ಎಂದು ಕರಾರಿನಲ್ಲಿ ಬರೆಯೋಣ. ಏಪ್ರಿಲ್ 20 ಎಂದು ಏಕೆ ಹಟ ಹಿಡಿದಿದ್ದೇನೆಂದರೆ, ಆ ತಿಂಗಳ ಕೊನೆಗೆ ಭರಣಿ ಮಳೆ ಹಿಡಿಯುತ್ತದೆ. ಅದು ಧರಣಿಗೆ ಒಳ್ಳೆಯದೇ, ನನ್ನ ಕಡತಗಳಿಗೆ ಅಲ್ಲ.

ಉಳಿದ ದುರಸ್ತಿಗಳ ಬಗ್ಗೆ ಹಳೆಯ ಕರಾರಿನಲ್ಲಿ ಇರುವುದು ಒಂದೇ ಸಾಲು: ‘ಬಾಡಿಗೆದಾರರು ಜಾಗವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು.’ ತಾರಸಿಯೂ ಅದರೊಳಗೆ ಬರುತ್ತದೆಯೇ, ಕೊಳಾಯಿಯ ವಾಷರ್ ಮಾತ್ರವೇ ಎಂದು ಯಾರಿಗೂ ತಿಳಿಯದು. ಮಾಲೀಕರು ಮಾಡಿಸಲು ಬದ್ಧರಾಗಿರುವ ದುರಸ್ತಿಯನ್ನು, ತಿಳಿಸಿದ ಮೇಲೂ ಅವರು ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಆದರೆ ಯಾವುದಕ್ಕೆ ಯಾರು ಬದ್ಧರು ಎಂದು ಕರಾರು ಹೇಳದಿದ್ದರೆ ಆ ಕಲಂ ಹಿಡಿದುಕೊಂಡು ಇಬ್ಬರೂ ಜಗಳವಾಡಬೇಕಷ್ಟೆ. ಆದ್ದರಿಂದ ಹೀಗೆ ಬಿಡಿಸಿ ಬರೆಯೋಣ.

ಒಳಗಿನ ದಿನಬಳಕೆಯ ಸವೆತವೆಲ್ಲ ನನ್ನದು. ಬಲ್ಬು, ಸ್ವಿಚ್ಚು, ಫ್ಯಾನು, ನಲ್ಲಿ, ಶೌಚಾಲಯದ ಫ್ಲಶ್, ಬೀಗ, ಕಿಟಕಿ ಗಾಜು, ನಾನು ಹಾಕಿಸಿದ ಏಸಿ ಇವುಗಳ ಖರ್ಚು ನಿಮಗೆ ಬರುವುದಿಲ್ಲ. ಬೇರೆ ಯಾವುದೇ ರಿಪೇರಿಯೂ ಒಂದು ಸಲಕ್ಕೆ 1,500 ರೂಪಾಯಿಯೊಳಗೆ ಮುಗಿದರೆ ನಾನೇ ನೋಡಿಕೊಳ್ಳುತ್ತೇನೆ. ತಾರಸಿ, ಗೋಡೆ, ಚಾವಣಿ, ಗೋಡೆಯೊಳಗಿನ ಪೈಪು, ಮೀಟರಿನಿಂದ ನಮ್ಮ ಬೋರ್ಡಿನವರೆಗಿನ ವೈರಿಂಗ್, ಗೆದ್ದಲು ಹಿಡಿದ ಬಾಗಿಲಿನ ಚೌಕಟ್ಟು ನಿಮ್ಮವು. ಚೌಕಟ್ಟಿನ ಬುಡದಲ್ಲಿ ಈಗಾಗಲೇ ಮಣ್ಣಿನ ಗೆರೆ ಕಾಣಿಸುತ್ತಿದೆ, ಮುಂದಿನ ಸಲ ಬಂದಾಗ ತೋರಿಸುತ್ತೇನೆ. ಸಂಪಿನ ಮೋಟಾರು ನನಗೂ ಕೆಳಗಿನ ಸ್ಟೇಷನರಿ ಅಂಗಡಿಗೂ ಸೇರಿದ್ದು. ಸಣ್ಣ ಕೆಲಸವನ್ನು ನಾವಿಬ್ಬರೂ ಅರ್ಧರ್ಧ ಹಂಚಿಕೊಳ್ಳುತ್ತೇವೆ, ಮೋಟಾರು ಸುಟ್ಟರೆ ಅದು ನಿಮ್ಮದು.

ನಿಮ್ಮ ಪಾಲಿನ ಕೆಲಸ ಬಂದಾಗ ಫೋನ್ ಮಾಡಿ, ಚಿತ್ರ ಸಮೇತ ಇಮೇಲ್ ಕಳುಹಿಸುತ್ತೇನೆ. ನೀರು, ವಿದ್ಯುತ್ತಾದರೆ ಎರಡು ದಿನ, ಬೇರೆಯದಾದರೆ ಹದಿನೈದು ದಿನ ಕಾಯುತ್ತೇನೆ. ಅಷ್ಟರಲ್ಲಿ ಆಗದಿದ್ದರೆ ಮಾಡಿಸಿ, ಬಿಲ್ಲು ತೋರಿಸಿ, ಮುಂದಿನ ಬಾಡಿಗೆಯಲ್ಲಿ ಕಳೆಯುತ್ತೇನೆ. ಈ ಒಂದು ಮಾತು ಕರಾರಿನಲ್ಲಿ ಇರಲೇಬೇಕು.

ಬೇಸಿಗೆಯಲ್ಲಿ ಏಸಿ, ಪ್ರಿಂಟರ್ ಒಟ್ಟಿಗೆ ಓಡಿದರೆ ವಿದ್ಯುತ್ ಕಡಿದುಹೋಗುತ್ತದೆ. ಮಂಜೂರಾದ ಲೋಡ್ 2 ಕಿಲೋವಾಟ್ ಮಾತ್ರ, ಅದನ್ನು 4ಕ್ಕೆ ಏರಿಸಬೇಕು. ಸಂಪರ್ಕ ನಿಮ್ಮ ಹೆಸರಿನಲ್ಲಿ ಇರುವುದರಿಂದ ಅರ್ಜಿಗೆ ನಿಮ್ಮ ಸಹಿ ಬೇಕು. ಕಟ್ಟುವ ಹಣವೆಲ್ಲ ನನ್ನದು.

ಸುಣ್ಣಬಣ್ಣಕ್ಕೆಂದು ಬಿಡುವಾಗ ಒಂದು ತಿಂಗಳ ಬಾಡಿಗೆ ಮುರಿಯುವ ಷರತ್ತು ಹಳೆಯ ಕರಾರಿನಲ್ಲಿದೆ. ಅದನ್ನು ತೆಗೆಯೋಣ. ತಾರಸಿ ಕೆಲಸ ಮುಗಿದು ಗೋಡೆ ಒಣಗಿದ ಮೇಲೆ ನನ್ನ ಖರ್ಚಿನಲ್ಲೇ ಬಣ್ಣ ಹೊಡೆಸುತ್ತೇನೆ. ಬಿಡುವಾಗ ನನ್ನಿಂದಾದ ಹಾನಿ ಏನಾದರೂ ಇದ್ದರೆ ಅದರ ನಿಜವಾದ ಖರ್ಚನ್ನು ಮುರಿದುಕೊಳ್ಳಿ.

ಆಸ್ತಿ ತೆರಿಗೆ ಹಿಂದಿನಂತೆ ನಿಮ್ಮದು, ವಿದ್ಯುತ್ ಮತ್ತು ನೀರಿನ ಬಿಲ್ಲು ನನ್ನದು. ಜಿಎಸ್‌ಟಿ ಬಗ್ಗೆ ನಿಮಗೆ ತಲೆನೋವಿಲ್ಲ. ನೀವು ನೋಂದಾಯಿತರಲ್ಲ, ನಾನು ನೋಂದಾಯಿತಳು. 2024ರ ಅಕ್ಟೋಬರ್ 10ರಿಂದ ಇಂಥ ಬಾಡಿಗೆಯ ಮೇಲಿನ ಶೇ 18ನ್ನು ನಾನೇ ನೇರವಾಗಿ ಕಟ್ಟುತ್ತಿದ್ದೇನೆ. 16,500ಕ್ಕೆ ಅದು 2,970 ಆಗುತ್ತದೆ. ಅದನ್ನು ನನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತೇನಾದ್ದರಿಂದ, ಬಾಡಿಗೆ ಇಳಿಸಿ ಎಂದು ಅದರ ನೆಪ ಹೇಳುವುದಿಲ್ಲ.

ನಾನು ಬಿಡುವುದಾದರೆ ಮೂರು ತಿಂಗಳು, ನೀವು ಬಿಡಿಸುವುದಾದರೆ ನಾಲ್ಕು ತಿಂಗಳು ಮುಂಚೆ ಬರಹದಲ್ಲಿ ತಿಳಿಸುವುದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬಿಡಿಸಬೇಡಿ. ರಿಟರ್ನ್ ಸಲ್ಲಿಸುವ ಆ ಕಾಲದಲ್ಲಿ ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಕೊನೆಯದಾಗಿ ನೋಂದಣಿ. ಕಳೆದ ಸಲ ಸ್ಟಾಂಪ್ ಕಾಗದದ ಮೇಲೆ ಸಹಿ ಹಾಕಿ ಬಿಟ್ಟೆವು. ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಇಲ್ಲದಿದ್ದರೆ ಅದರಲ್ಲಿ ಬರೆದ ಷರತ್ತುಗಳಿಗೆ ನ್ಯಾಯಾಲಯದಲ್ಲಿ ಬಲವಿರುವುದಿಲ್ಲ. ತಪ್ಪು ಇಬ್ಬರದೂ, ನನ್ನದು ಇನ್ನೂ ಹೆಚ್ಚು. ಊರಿನವರ ಕಾಗದಪತ್ರವನ್ನೆಲ್ಲ ನೋಡುವವಳು ನನ್ನದನ್ನೇ ನೋಡಲಿಲ್ಲ. ಈ ಸಲ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಮಾಡಿಸೋಣ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಅರ್ಧರ್ಧ. ಕರಡು ಬರೆಸುವ ಖರ್ಚು ನನ್ನದು.

ಫೆಬ್ರುವರಿ 20ರೊಳಗೆ ನಿಮ್ಮ ಅಭಿಪ್ರಾಯ ತಿಳಿಸಿದರೆ ತಿಂಗಳ ಕೊನೆಗೆ ಕರಡು ಕಳುಹಿಸುತ್ತೇನೆ. ಮಾರ್ಚ್ 19ಕ್ಕೆ ಯುಗಾದಿ. ಹಬ್ಬಕ್ಕೆ ನೀವು ಮೈಸೂರಿಗೆ ಬರುವುದಾದರೆ ಅದರ ಮರುವಾರವೇ ನೋಂದಣಿಗೆ ದಿನ ಗೊತ್ತುಮಾಡಬಹುದು. ಯಾವುದಾದರೂ ಅಂಶ ಒಪ್ಪಿಗೆಯಾಗದಿದ್ದರೆ ಸಂಜೆ ಏಳರ ಮೇಲೆ ಫೋನ್ ಮಾಡಿ, ಬಿಡುವಾಗಿರುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ಸುಮಾ
ಲೆಕ್ಕಪತ್ರ ಮತ್ತು ತೆರಿಗೆ ಸಲಹೆಗಾರರು, ಮೊದಲ ಮಹಡಿ

ಮರೆತಿದ್ದೆ: ನಿಮ್ಮ ಹೆಸರಿಗೆ ಬಂದ ಎರಡು ಲಕೋಟೆಗಳು ನನ್ನ ಮೇಜಿನ ಖಾನೆಯಲ್ಲಿವೆ. ಒಂದು ಬ್ಯಾಂಕಿನದು, ಇನ್ನೊಂದು ಪಿಂಚಣಿಗೆ ಸಂಬಂಧಿಸಿದ್ದು ಎಂದು ಕಾಣುತ್ತದೆ, ಒಡೆದಿಲ್ಲ. ಬೆಂಗಳೂರಿನ ವಿಳಾಸ ತಿಳಿಸಿದರೆ ನಾಳೆಯೇ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತೇನೆ.