ಸಂಕ್ರಾಂತಿ ಎಳ್ಳು-ಬೆಲ್ಲ: 520 ಕೆಜಿ ಆಗುತ್ತಾ? ಎಷ್ಟು ದಿನ ಜಾಸ್ತಿ ಬೇಕು?

ಮೈಸೂರು, ಡಿಸೆಂಬರ್ 19

ಸುಮಿತ್ರಕ್ಕನವರಿಗೆ ನಮಸ್ಕಾರ.

ಸಂಕ್ರಾಂತಿಗೆ 120 ಕೆಜಿ ಎಳ್ಳು-ಬೆಲ್ಲ ಸಾಕು ಅಂತ ಹೇಳಿದ್ದೆನಲ್ಲ, ಈಗ ಲೆಕ್ಕ ಬದಲಾಗಿದೆ. ಇಲ್ಲಿನ ಎರಡು ಕಂಪನಿಯವರು ಕೆಲಸದವರಿಗೆ ಹಂಚಲು 2,000 ಪೊಟ್ಟಣ ಕೇಳಿದ್ದಾರೆ, ಒಂದೊಂದು 200 ಗ್ರಾಂ. ಅಲ್ಲಿಗೆ 400 ಕೆಜಿ ಜಾಸ್ತಿ, ಒಟ್ಟು 520. ಜೊತೆಗೆ ಪೊಟ್ಟಣಕ್ಕೆ ಎರಡರಂತೆ 4,000 ಸಕ್ಕರೆ ಅಚ್ಚು. ನಿಮ್ಮನ್ನು ಕೇಳದೆ ಮಾತು ಕೊಡಬಾರದು ಅಂತ ಡಿಸೆಂಬರ್ 22ರವರೆಗೆ ಸಮಯ ಕೇಳಿದ್ದೇನೆ.

ಸರಕು ಜನವರಿ 10ಕ್ಕೆ ನಮ್ಮ ಅಂಗಡಿ ಸೇರಬೇಕು. ಇಷ್ಟು ನಿಮ್ಮಿಂದ ಆಗುತ್ತಾ? ಆಗದಿದ್ದರೆ 10ಕ್ಕೆ ಎಷ್ಟು ಕೆಜಿ ಖಂಡಿತ ಕೊಡಬಹುದು, ಉಳಿದದ್ದಕ್ಕೆ ಇನ್ನೆಷ್ಟು ದಿನ ಬೇಕು, ಹೇಳಿ. 12ರ ಬೆಳಿಗ್ಗೆ ಬಂದರೂ ಹೇಗೋ ನಿಭಾಯಿಸುತ್ತೇನೆ. ಅದಾದ ಮೇಲೆ ಬಂದರೆ ಹಬ್ಬಕ್ಕೆ ಒದಗುವುದಿಲ್ಲ.

ಎಳ್ಳು, ಹುರಿಗಡಲೆ, ಕಡಲೆಬೀಜದ ಚಿಂತೆ ನನಗಿಲ್ಲ. ಒಂದೆರಡು ಬಾಣಲೆ ಜಾಸ್ತಿ ಇಟ್ಟರೆ ಹುರಿದು ಮುಗಿಯುತ್ತದೆ. ಯೋಚನೆ ಇರುವುದು ಕೊಬ್ಬರಿಯದ್ದು. ಕಂದು ಸಿಪ್ಪೆ ಹೆರೆಯಬೇಕು, ಸಣ್ಣಗೆ ಹೆಚ್ಚಬೇಕು, ಆಮೇಲೆ ಬಿಸಿಲಿಗೆ ಹರಡಬೇಕು. ಕೈ ಜಾಸ್ತಿ ಹಾಕಿ ಹೆಚ್ಚಬಹುದು, ಬಿಸಿಲನ್ನು ಅವಸರ ಮಾಡುವುದಕ್ಕೆ ಆಗಲ್ಲ ಅಲ್ವಾ? ಈಗ ಬೆಳಗಿನ ಮಂಜು ಬೇರೆ. ಪಸೆ ಉಳಿದರೆ ಕವರಿನೊಳಗೆ ಕೊಬ್ಬರಿ ಬೂಷ್ಟು ಹಿಡಿಯುತ್ತದೆ, ಬೆಲ್ಲದ ಚೂರು ಅಂಟಿಕೊಳ್ಳುತ್ತದೆ. ಅದಕ್ಕೇ ದಿನದ ಲೆಕ್ಕ ಹಾಕುವಾಗ ಮೋಡ ಕವಿದ ಎರಡು ದಿನವನ್ನೂ ಸೇರಿಸಿಯೇ ಹೇಳಿ.

ಸಕ್ಕರೆ ಅಚ್ಚಿಗೆ ನಿಮ್ಮಲ್ಲಿ ಮರದ ಅಚ್ಚು ಸಾಕಷ್ಟು ಇವೆಯಾ? ಪಾಕ ಕಾಯಿಸುವುದು ಬೇಗ ಆದರೂ ಅಚ್ಚು ಖಾಲಿಯಾಗುವವರೆಗೆ ಕಾಯಲೇಬೇಕು. ಕಷ್ಟ ಅನ್ನಿಸಿದರೆ ಪೊಟ್ಟಣಕ್ಕೆ ಒಂದೇ ಅಂತ ಕಂಪನಿಯವರನ್ನು ಒಪ್ಪಿಸುತ್ತೇನೆ.

ಒಂದು ಮಾತು ಮಾತ್ರ. ಸಾಲಲಿಲ್ಲ ಅಂತ ಹೊರಗಿನಿಂದ ಹೆಚ್ಚಿದ ಕೊಬ್ಬರಿ ತರಿಸುವುದಾದರೆ ಮೊದಲೇ ತಿಳಿಸಿ. ನಮ್ಮ ಗಿರಾಕಿಗಳು ನಿಮ್ಮ ಕೈರುಚಿಗೇ ಬರುವವರು. 520ರ ಬದಲು 350 ಆದರೂ ಪರವಾಗಿಲ್ಲ, ಸರಕು ಯಾವಾಗಿನಂತೆಯೇ ಇರಲಿ.

ಕೊಬ್ಬರಿ ಮತ್ತು ಬೆಲ್ಲದ ಈಗಿನ ದರ, ಹೆಚ್ಚಿನ ಆಳುಗಳ ಕೂಲಿ ಸೇರಿಸಿ ಕೆಜಿಗೆ ಎಷ್ಟು ಬೀಳುತ್ತದೆ ತಿಳಿಸಿ. ನೀವು ಒಪ್ಪಿದ ದಿನವೇ ಅರ್ಧ ಹಣ ಕಳಿಸುತ್ತೇನೆ. ಪೊಟ್ಟಣ ಕಟ್ಟುವ ಕೆಲಸ ನಮ್ಮದು, ನೀವು ಡಬ್ಬದಲ್ಲಿ ತುಂಬಿ ಕೊಟ್ಟರೆ ಸಾಕು. ತಿಪಟೂರಿಗೆ ಟೆಂಪೋ ಕೂಡ ನಾನೇ ಕಳಿಸುತ್ತೇನೆ. ಎರಡು ಕಂತಿನಲ್ಲಿ ಕೊಡುವುದಾದರೆ ಎರಡು ಸಲ ಬರುತ್ತದೆ.

ಮನೆಯವರ ಜೊತೆ, ಕೆಲಸದ ಹೆಂಗಸರ ಜೊತೆ ಮಾತಾಡಿ 21ರ ಸಂಜೆಯೊಳಗೆ ಹೇಳಿದರೆ ಅನುಕೂಲ. ಆಗಲ್ಲ ಅಂದರೂ ಬೇಜಾರಿಲ್ಲ, ಮೊದಲಿನ 120 ಕೆಜಿ ಹಾಗೇ ಇರಲಿ. ಮಧ್ಯಾಹ್ನ 2ರಿಂದ 4ರವರೆಗೆ ಅಂಗಡಿಯಲ್ಲಿ ಗಿರಾಕಿ ಕಡಿಮೆ, ಆಗ ಫೋನ್ ಮಾಡಿ.

ಇಂತಿ,
ನಾಗರಾಜ್
ಕಾಂಡಿಮೆಂಟ್ಸ್ ಅಂಗಡಿ, ಮೈಸೂರು